ಭಜಿ ಎಣ್ಣೆ ನೊರೆ ಉಕ್ಕಿ ಒಲೆಗೆ ಬಿತ್ತು: ಒಂದೇ ಎಣ್ಣೆಯನ್ನು ಎಷ್ಟು ದಿನ ಕಾಯಿಸಬಹುದು?

ಸಂಜೆ ಬಂಡಿ, ಕಲಬುರಗಿ

ಎಲ್ಲರಿಗೂ ಶರಣು. ನಾವು ಕಲಬುರಗಿಯಲ್ಲಿ ಮಿರ್ಚಿ ಭಜಿ ಬಂಡಿ ಹಾಕುತ್ತೇವೆ. ಹಿಟ್ಟು ಕಲಸುವುದು ನಾನು, ಕರಿಯುವುದು ಮನೆಯವರು. ಸಂಜೆ 5ಕ್ಕೆ ಒಲೆ ಹಚ್ಚಿದರೆ 9ಕ್ಕೆ ಆರಿಸುತ್ತೇವೆ.

ನಿನ್ನೆ ಏಳು ಗಂಟೆ ಹೊತ್ತಿಗೆ ಕಡಾಯಿಗೆ ಹತ್ತು ಮಿರ್ಚಿ ಬಿಟ್ಟರು. ಎಣ್ಣೆ ಹಾಲು ಉಕ್ಕಿದ ಹಾಗೆ ನೊರೆ ಕಟ್ಟಿ ಮೇಲೆ ಬಂತು. ಅಂಚು ದಾಟಿ ಒಲೆ ಮೇಲೆ ಬಿದ್ದು ಭಗ್ ಅಂತ ಉರಿ ಎದ್ದಿತು. ಅವರು ಗ್ಯಾಸ್ ಬಂದ್ ಮಾಡಿ ಹಿಟ್ಟಿನ ಪರಾತ ಬೋರಲು ಹಾಕಿದರು, ಉರಿ ಆರಿತು. ಕೈಗೆ ಸ್ವಲ್ಪ ಬಿಸಿ ತಾಗಿದೆ, ಅಷ್ಟೇ. ಆದರೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಮ್ಮ ಲೆಕ್ಕ ಹೀಗಿದೆ. ಸೋಮವಾರ 4 ಲೀಟರ್ ಹೊಸ ಪಾಮೋಲಿನ್ ಹಾಕುತ್ತೇವೆ. ದಿನಾ ಸುಮಾರು 120 ಭಜಿ ಹೋಗುತ್ತವೆ, ಅದರಲ್ಲಿ ಒಂದು ಲೀಟರ್ ಎಣ್ಣೆ ಖಾಲಿ. ಮರುದಿನ ಒಂದು ಲೀಟರ್ ಹೊಸದು ಸುರಿದು ಮತ್ತೆ 4 ಮಾಡಿಕೊಳ್ಳುತ್ತೇವೆ. ಶನಿವಾರ ರಾತ್ರಿ ಉಳಿದದ್ದನ್ನು ಚೆಲ್ಲುತ್ತೇವೆ. ನೊರೆ ಬಂದದ್ದು ಐದನೇ ದಿನ. ಕಾಯಂ ಗಿರಾಕಿ ಒಬ್ಬರು ಮೊನ್ನೆಯೇ "ಗಂಟಲು ಹಿಡಿತದ ಅಕ್ಕಾ" ಅಂದಿದ್ದರು. ನಾನು ಮೆಣಸಿನಕಾಯಿ ಖಾರ ಅಂದುಕೊಂಡೆ.

ಒಂದೇ ಎಣ್ಣೆಯಲ್ಲಿ ಎಷ್ಟು ಸಲ ಕರಿಯಬಹುದು? ಕೆಟ್ಟಿದೆ ಅಂತ ನೊರೆ ಬರುವ ಮೊದಲೇ ಗೊತ್ತಾಗಲು ಏನಾದರೂ ಗುರುತು ಇದೆಯಾ? ತಿಳಿದವರು ಹೇಳಿ.

ಯಾದಗಿರಿ ಹುಡುಗ

ಅಕ್ಕಾ, ಮೂರೇ ಸಲ. ಆಹಾರ ಸುರಕ್ಷತೆಯವರು, ಎಫ್‌ಎಸ್‌ಎಸ್‌ಎಐ, ಅದನ್ನೇ ಹೇಳುತ್ತಾರೆ. ಒಂದೇ ಸಲ ಬಳಸಿದರೆ ಒಳ್ಳೆಯದು, ಜಾಸ್ತಿ ಅಂದರೆ ಮೂರು. ನೀವು ಐದು ದಿನ ಮಾಡಿದ್ದೀರಿ, ಅಲ್ಲೇ ತಪ್ಪಾಗಿದೆ. ಇನ್ನೊಂದು, ಬಣ್ಣ ನೋಡಿ. ಕಪ್ಪಾಗುವವರೆಗೆ ಎಣ್ಣೆ ಚೆನ್ನಾಗಿದೆ ಅಂತಲೇ ಅರ್ಥ. ಕಪ್ಪಾದರೆ ಚೆಲ್ಲಿ.

ಆಳಂದ ರಸ್ತೆ

ನಮ್ಮ ಮನೆಯಲ್ಲಿ 15 ಲೀಟರ್ ಡಬ್ಬಿ ತಂದರೆ ಎರಡು ತಿಂಗಳು ಬರುತ್ತದೆ. ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಐದು ದಿನಕ್ಕೆಲ್ಲ ಯಾಕೆ ಹೆದರುತ್ತೀರಿ ಅಕ್ಕೋರೆ?

ಸಂಜೆ ಬಂಡಿ, ಕಲಬುರಗಿ

ಅಣ್ಣಾ, ಡಬ್ಬಿಯಲ್ಲಿರುವ ಎಣ್ಣೆಯ ಮಾತಲ್ಲ. ಕಾಯಿಸಿ ಕರಿದ ಎಣ್ಣೆಯದ್ದು ಕೇಳುತ್ತಿದ್ದೇನೆ.

ತಮ್ಮಾ, ನಾಲ್ಕು ತಾಸು ಬಿಡದೆ ಕರಿದರೆ ಅದು ಒಂದು ಸಲವಾ, ಹತ್ತು ಸಲವಾ? ನನಗೆ ಗೊತ್ತಾಗದೆ ಇರುವುದೇ ಅದು. ಬಣ್ಣ ನೋಡಿದರೆ ನಮ್ಮ ಎಣ್ಣೆ ಎರಡನೇ ದಿನಕ್ಕೇ ಕಪ್ಪಾಗುತ್ತದೆ. ಆದರೆ ಅವತ್ತು ಭಜಿ ಬಹಳ ಚೆನ್ನಾಗಿ ಬರುತ್ತವೆ.

ಮಿಲ್ ಲ್ಯಾಬ್ ಕಾಕಾ

ತಂಗಿ, ಮೊದಲು ಒಂದು ಮಾತು. ಗ್ಯಾಸ್ ಬಂದ್ ಮಾಡಿ ಪರಾತ ಮುಚ್ಚಿದ್ದು ಸರಿಯಾದ ಕೆಲಸ. ಎಣ್ಣೆಗೆ ಬೆಂಕಿ ಹತ್ತಿದಾಗ ಯಾರಾದರೂ ಗಾಬರಿಯಲ್ಲಿ ಒಂದು ಚೊಂಬು ನೀರು ಸುರಿದಿದ್ದರೆ ನೀರು ಒಮ್ಮೆಲೇ ಹಬೆಯಾಗಿ ಉರಿಯುವ ಎಣ್ಣೆಯನ್ನು ಸುತ್ತ ಇದ್ದವರ ಮೇಲೆ ಚಿಮ್ಮಿಸುತ್ತಿತ್ತು. ಬಂಡಿ ಮೇಲೆ ಕಡಾಯಿಗೆ ಸರಿಹೋಗುವ ಮುಚ್ಚಳ ಒಂದನ್ನು ಯಾವಾಗಲೂ ಇಟ್ಟುಕೊಳ್ಳಿ.

ನಾನು ಎಣ್ಣೆ ಮಿಲ್‌ನ ಲ್ಯಾಬಿನಲ್ಲಿದ್ದೆ. ಆಮೇಲೆ ಖಾರಾ, ಶೇವು ಮಾಡುವ ಕಾರ್ಖಾನೆಯಲ್ಲಿ ಎಣ್ಣೆ ನೋಡಿಕೊಳ್ಳುವ ಕೆಲಸ ಮಾಡಿದೆ. ನಿಮ್ಮ ಪ್ರಶ್ನೆ ಸರಿಯಾಗಿದೆ. "ಎಷ್ಟು ಸಲ" ಎಂಬ ಲೆಕ್ಕ ಮನೆಗೆ ಮಾಡಿದ್ದು. ಮನೆಯಲ್ಲಿ ಪೂರಿ ಕರಿಯುವುದು ಹದಿನೈದು ನಿಮಿಷ. ಮೂರು ಸಲ ಕರಿದರೂ ಎಣ್ಣೆ ಮುಕ್ಕಾಲು ತಾಸು ಕಾದಿರುತ್ತದೆ. ನಿಮ್ಮ ಬಂಡಿಯಲ್ಲಿ ಒಂದೇ ಸಂಜೆಗೆ ನಾಲ್ಕು ತಾಸು. ಅದಕ್ಕೇ ನಿಮ್ಮಂಥವರು ಸಲ ಎಣಿಸಬಾರದು. ತಾಸು ಎಣಿಸಬೇಕು, ಜೊತೆಗೆ ಎಣ್ಣೆಯ ಗುರುತು ನೋಡಬೇಕು.

ಎಣ್ಣೆ ಕೆಡುವುದು ಮೂರರಿಂದ. ನೀರು, ಗಾಳಿ, ಬಿಸಿ.

ಹಸಿ ಹಿಟ್ಟು ಎಣ್ಣೆಗೆ ಬಿದ್ದಾಗ ಚಟಪಟ ಅನ್ನುತ್ತದಲ್ಲ, ಅದು ನೀರು ಹಬೆಯಾಗುವ ಸದ್ದು. ಆ ಹಬೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪ ಒಡೆಯುತ್ತದೆ. ಒಡೆದಾಗ ಆಮ್ಲ ಬಿಡುಗಡೆಯಾಗುತ್ತದೆ. ಈ ಆಮ್ಲ ಜಾಸ್ತಿ ಆದಷ್ಟೂ ಎಣ್ಣೆ ಕಡಿಮೆ ಬಿಸಿಗೇ ಹೊಗೆ ಬಿಡುತ್ತದೆ. ನಿಮ್ಮ ಗಿರಾಕಿಯ ಗಂಟಲು ಹಿಡಿದದ್ದು ಈ ಹಳಸಿದ ಎಣ್ಣೆಯಿಂದಲೇ ಇರಬಹುದು. ಮೆಣಸಿನಕಾಯಿಯ ಖಾರ ನಾಲಿಗೆ ಸುಡುತ್ತದೆ. ಕೆಟ್ಟ ಎಣ್ಣೆ ಗಂಟಲ ಹಿಂದೆ ಕೆರೆಯುತ್ತದೆ.

ಗಾಳಿ ಮೇಲಿನಿಂದ ಕೆಡಿಸುತ್ತದೆ. ಹಳೆ ಎಣ್ಣೆಗೆ ಮುಗ್ಗಲು ವಾಸನೆ ಬರುವುದು ಅದರಿಂದ. ಇನ್ನು ಜಾಸ್ತಿ ಬಿಸಿಯಲ್ಲಿ ಬಹಳ ಹೊತ್ತು ಇದ್ದರೆ ಎಣ್ಣೆಯ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪ ಆಗುತ್ತವೆ. ಕಡಾಯಿ ಅಂಚಿಗೆ ಹಳದಿ ಮೇಣದ ಹಾಗೆ ಹತ್ತಿಕೊಂಡು, ಸೋಪು ಹಾಕಿ ಉಜ್ಜಿದರೂ ಹೋಗದ ಅಂಟು ಇರುತ್ತದಲ್ಲ, ಅದು ಇದೇ. ಹೀಗೆ ದಪ್ಪ ಆದ ಎಣ್ಣೆಯಲ್ಲಿ ಹಬೆ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಗುಳ್ಳೆ ಒಡೆಯದೆ ನಿಲ್ಲುತ್ತವೆ. ಅದೇ ನಿಮ್ಮ ನೊರೆ.

ಒಂದು ಕೇಳಬೇಕು. ಹಿಟ್ಟಿಗೆ ಸೋಡಾ ಎಷ್ಟು ಹಾಕುತ್ತೀರಿ?

ಸಂಜೆ ಬಂಡಿ, ಕಲಬುರಗಿ

ಕಾಕಾ, ಎರಡು ಕಿಲೋ ಕಡ್ಲಿ ಹಿಟ್ಟಿಗೆ ನಾಲ್ಕು ಚಮಚ ತಿನ್ನುವ ಸೋಡಾ. ಮೊದಲು ಎರಡೇ ಹಾಕುತ್ತಿದ್ದೆ. ಭಜಿ ಉಬ್ಬಿ ದೊಡ್ಡದಾಗಿ ಕಾಣಲಿ ಅಂತ ಜಾತ್ರೆ ಆದಮೇಲೆ ಜಾಸ್ತಿ ಮಾಡಿದೆ.

ಮಿಲ್ ಲ್ಯಾಬ್ ಕಾಕಾ

ಅದೂ ಒಂದು ಕಾರಣ. ಸೋಪು ಹೇಗೆ ಮಾಡುತ್ತಾರೆ ಗೊತ್ತಲ್ಲ? ಎಣ್ಣೆಗೆ ಕ್ಷಾರ ಸೇರಿಸುತ್ತಾರೆ. ಸೋಡಾ ಬಿಸಿಗೆ ಬಿದ್ದರೆ ಇನ್ನೂ ಖಡಕ್ ಕ್ಷಾರ ಆಗುತ್ತದೆ. ಹಳೆ ಎಣ್ಣೆಯಲ್ಲಿ ಆಮ್ಲ ಕಾಯುತ್ತಲೇ ಇರುತ್ತದೆ. ಎರಡೂ ಸೇರಿ ಕಡಾಯಿಯಲ್ಲೇ ಸ್ವಲ್ಪ ಸೋಪು ತಯಾರಾಗುತ್ತದೆ. ಸೋಪು ಇದ್ದ ಕಡೆ ನೊರೆ ಬರುತ್ತದೆ. ಹೊಸ ಎಣ್ಣೆಯಲ್ಲಿ ಆಮ್ಲ ಬಹಳ ಕಡಿಮೆ. ಅದಕ್ಕೇ ಸೋಮವಾರ ನಾಲ್ಕು ಚಮಚ ಸೋಡಾಕ್ಕೂ ಏನೂ ಆಗುವುದಿಲ್ಲ, ಶುಕ್ರವಾರ ಉಕ್ಕುತ್ತದೆ.

ಸೋಡಾ ಮತ್ತೆ ಎರಡು ಚಮಚಕ್ಕೆ ತನ್ನಿ. ಹಿಟ್ಟನ್ನು ಕೈಯಿಂದ ಹತ್ತು ನಿಮಿಷ ಚೆನ್ನಾಗಿ ಬಡಿಯಿರಿ, ಗಾಳಿ ಸೇರಿ ಉಬ್ಬುತ್ತದೆ. ಮೆಣಸಿನಕಾಯಿ ತೊಳೆದ ಮೇಲೆ ಬಟ್ಟೆಯಿಂದ ಒರೆಸಿ. ತೊಟ್ಟಿನ ಹತ್ತಿರ ನಿಂತ ನೀರು ನೇರ ಎಣ್ಣೆಗೆ ಹೋಗುತ್ತದೆ.

ಹುಮನಾಬಾದ್ ಕ್ಯಾಟರಿಂಗ್

ಕಾಕಾ ಅವರ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆದರೆ ನಾವು ಇಪ್ಪತ್ತು ವರ್ಷದಿಂದ ಮದುವೆ ಅಡುಗೆ ಮಾಡುತ್ತೇವೆ. ಹೊಸ ಎಣ್ಣೆ ಸೇರಿಸುತ್ತಾ ಹೋದರೆ ಹಳೆಯದು ಸುಧಾರಿಸುತ್ತದೆ. ಬೇಕಾದರೆ ನಾಲ್ಕು ಹೋಳು ಆಲೂಗಡ್ಡೆ ಕರಿದು ತೆಗೆಯಿರಿ, ಎಣ್ಣೆ ಸ್ವಚ್ಛ ಆಗುತ್ತದೆ. ಕಾರ್ನ್‌ಫ್ಲೋರ್ ನೀರಲ್ಲಿ ಕಲಸಿ ಬಿಟ್ಟರೂ ಕಸ ಎಲ್ಲ ಹಿಡಿದುಕೊಂಡು ಬರುತ್ತದೆ. ಕಣ್ಣಾರೆ ನೋಡಿದ್ದೇನೆ, ಎಣ್ಣೆ ತಿಳಿಯಾಗುತ್ತದೆ.

ಯಾದಗಿರಿ ಹುಡುಗ

ಅಣ್ಣಾ, ಹೊಸದನ್ನು ಹಳೆಯದಕ್ಕೆ ಬೆರೆಸಲೇಬಾರದು ಅಂತ ನಾನು ಓದಿದ್ದೇನೆ. ಹೊಸದೂ ಕೆಡುತ್ತದಂತೆ.

ಮಿಲ್ ಲ್ಯಾಬ್ ಕಾಕಾ

ಇಬ್ಬರ ಮಾತಲ್ಲೂ ಅರ್ಧ ಅರ್ಧ ಸತ್ಯ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಂಗಿಯ ಬಂಡಿಗೆ ಬೇಕಾದದ್ದು ಇದೇ.

ಆಲೂಗಡ್ಡೆ, ಕಾರ್ನ್‌ಫ್ಲೋರ್ ಎರಡೂ ಕಸ ಹಿಡಿಯುತ್ತವೆ. ಸುಟ್ಟ ಹಿಟ್ಟಿನ ಚೂರು ಹೋದರೆ ಎಣ್ಣೆ ತಿಳಿ ಕಾಣುತ್ತದೆ. ಚೂರು ಹೋಗುವುದು ಒಳ್ಳೆಯದೇ. ಆದರೆ ಎಣ್ಣೆಯಲ್ಲೇ ಕರಗಿರುವ ಆಮ್ಲ, ಅಂಟು ಎಲ್ಲಿಗೂ ಹೋಗುವುದಿಲ್ಲ. ಕೆಟ್ಟ ಎಣ್ಣೆ ನೋಡಲು ಮಾತ್ರ ಚೆಂದ ಆಗುತ್ತದೆ, ಅದು ಇನ್ನೂ ಅಪಾಯ. ಕಾರ್ನ್‌ಫ್ಲೋರ್ ನೀರನ್ನು ಜೋರಾಗಿ ಕಾದ ಎಣ್ಣೆಗಂತೂ ಬಿಡಲೇಬೇಡಿ, ಚಿಮ್ಮುತ್ತದೆ.

ಈಗ ಹೊಸ ಎಣ್ಣೆ ಸೇರಿಸುವ ಮಾತು. ನಮ್ಮ ಕಾರ್ಖಾನೆಯ ದೊಡ್ಡ ಕಡಾಯಿಯನ್ನು ಖಾಲಿ ಮಾಡುತ್ತಲೇ ಇರಲಿಲ್ಲ. ದಿನವಿಡೀ ಹೊಸ ಎಣ್ಣೆ ಬರುತ್ತಿತ್ತು, ಶೇವಿನ ಜೊತೆ ಹಳೆಯದು ಹೊರಗೆ ಹೋಗುತ್ತಿತ್ತು. ಕಡಾಯಿಯಲ್ಲಿ ಇರುವಷ್ಟು ಎಣ್ಣೆ ಎಂಟು ಹತ್ತು ತಾಸಿನಲ್ಲಿ ಪೂರ್ತಿ ಬದಲಾಗುವ ಲೆಕ್ಕ. ಕೆಡಲು ಸಮಯವೇ ಸಿಗುತ್ತಿರಲಿಲ್ಲ. ಅಂದರೆ ಸೇರಿಸುವುದು ತಪ್ಪಲ್ಲ. ಎಷ್ಟು ಬೇಗ ಹಳೆಯದು ಹೊರಗೆ ಹೋಗುತ್ತದೆ ಎಂಬುದೇ ಮುಖ್ಯ.

ತಂಗಿಯ ಕಡಾಯಿ ನೋಡಿ. 4 ಲೀಟರ್ ಇದೆ, ನಾಲ್ಕು ತಾಸಿಗೆ ಒಂದು ಲೀಟರ್ ಹೊರಗೆ ಹೋಗುತ್ತದೆ. 4 ಲೀಟರ್ ಬದಲಾಗಲು ಹದಿನಾರು ತಾಸು, ಅಂದರೆ ನಾಲ್ಕು ಸಂಜೆ ಬೇಕು. ಅದೂ ಹೊಸದು ಹಳೆಯದು ಬೆರೆತೇ ಹೋಗುತ್ತವೆ. ಸೋಮವಾರದ ಎಣ್ಣೆಯ ಕಾಲು ಭಾಗ ಅವತ್ತೇ ಭಜಿಯಲ್ಲಿ ಹೋಯಿತು, ಮುಕ್ಕಾಲು ಉಳಿಯಿತು. ಮಂಗಳವಾರ ರಾತ್ರಿ ಅದರಲ್ಲಿ ಮುಕ್ಕಾಲು ಉಳಿಯುತ್ತದೆ. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಶುಕ್ರವಾರ ರಾತ್ರಿಯೂ ಸೋಮವಾರದ ಎಣ್ಣೆ ಹೆಚ್ಚುಕಡಿಮೆ ಒಂದು ಲೀಟರ್ ಅಲ್ಲೇ ಇರುತ್ತದೆ. ಇಪ್ಪತ್ತು ತಾಸು ಕಾದ ಎಣ್ಣೆ ಅದು. ಅದರಲ್ಲಿ ಹುಟ್ಟಿದ ಕೆಟ್ಟ ಅಂಶ ಹೊಸದನ್ನೂ ಬೇಗ ಕೆಡಿಸುತ್ತದೆ. ಹುಡುಗ ಓದಿದ್ದು ಇಲ್ಲಿಗೆ ಸರಿಹೋಗುತ್ತದೆ.

ಈಗ 4 ಲೀಟರ್ ಬದಲು 2 ಲೀಟರ್ ಹಿಡಿಯುವ ಕಡಾಯಿ ಇಡಿ. ಭಜಿ ಅಷ್ಟೇ, ದಿನಕ್ಕೆ ಖಾಲಿಯಾಗುವುದೂ ಅದೇ ಒಂದು ಲೀಟರ್. ಆದರೆ ಎಂಟು ತಾಸಿಗೇ ಎಣ್ಣೆ ಬದಲಾಗುತ್ತದೆ. ಮೊದಲ ದಿನ 2 ಲೀಟರ್ ಹಾಕಿ. ಎರಡನೇ, ಮೂರನೇ ದಿನ ಒಂದೊಂದು ಲೀಟರ್ ಸೇರಿಸಿ. ಮೂರನೇ ರಾತ್ರಿ ಉಳಿದ ಒಂದು ಲೀಟರ್ ತೆಗೆದುಬಿಡಿ. ಮೂರು ದಿನಕ್ಕೆ 4 ಲೀಟರ್, ಆರು ದಿನಕ್ಕೆ 8. ಈಗ ನಿಮಗೆ ಆರು ದಿನಕ್ಕೆ 9 ಲೀಟರ್ ಹೋಗುತ್ತಿದೆ, ಶನಿವಾರ 3 ಲೀಟರ್ ಚೆಲ್ಲುತ್ತೀರಿ. ಹೊಸ ಲೆಕ್ಕದಲ್ಲಿ ಚೆಲ್ಲುವುದು ವಾರಕ್ಕೆ 2 ಲೀಟರ್ ಮಾತ್ರ. ಎಣ್ಣೆ ಉಳಿಯುತ್ತದೆ, ಜನರ ಹೊಟ್ಟೆಗೆ ಹೋಗುವ ಎಣ್ಣೆಯೂ ಹೊಸದಿರುತ್ತದೆ.

ಇದರಲ್ಲಿ ಒಂದು ತೊಂದರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಣ್ಣೆ ಕಡಿಮೆ ಇದ್ದರೆ ಹತ್ತು ಹಸಿ ಮಿರ್ಚಿ ಒಟ್ಟಿಗೆ ಬಿಟ್ಟಾಗ ಬಿಸಿ ತಟ್ಟನೆ ಇಳಿಯುತ್ತದೆ. ತಣ್ಣಗಾದ ಎಣ್ಣೆಯಲ್ಲಿ ಭಜಿ ಎಣ್ಣೆ ಕುಡಿಯುತ್ತವೆ. ಒಂದು ಸಲಕ್ಕೆ ಐದೇ ಬಿಡಬೇಕಾಗುತ್ತದೆ.

ಸಂಜೆ ಬಂಡಿ, ಕಲಬುರಗಿ

ಕಾಕಾ, ಈ ಲೆಕ್ಕ ನಮ್ಮ ಮನೆಯವರಿಗೆ ಎರಡು ಸಲ ಓದಿ ಹೇಳಿದೆ. ಸೋಮವಾರದ ಎಣ್ಣೆ ಶುಕ್ರವಾರವೂ ಒಂದು ಲೀಟರ್ ಇರುತ್ತದೆ ಅಂದದ್ದು ಕೇಳಿ ಸುಮ್ನೆ ಕೂತುಬಿಟ್ಟರು. ದಿನಾ ಹೊಸದು ಹಾಕುತ್ತೇವೆ ಅಂತ ನಾವು ಧೈರ್ಯವಾಗಿದ್ದೆವು.

ಐದೈದು ಬಿಟ್ಟರೆ ಆರೂವರೆಯ ಗದ್ದಲದಲ್ಲಿ ಗಿರಾಕಿ ನಿಲ್ಲುವುದಿಲ್ಲ. ಅದೊಂದು ಚಿಂತೆ. ಆದರೂ ನಾಳೆಯಿಂದ ಮಾಡಿ ನೋಡುತ್ತೇವೆ. ಗುರುತುಗಳನ್ನು ಮಾತ್ರ ಬಿಡಿಸಿ ಹೇಳಿ. ಮೂರು ದಿನದ ಒಳಗೇ ಕೆಟ್ಟರೆ ನನಗೆ ಹೇಗೆ ಗೊತ್ತಾಗಬೇಕು?

ಗಾಣದ ಮನೆ, ಬೀದರ್

ನಡುವೆ ನಮ್ಮದೊಂದು ಪ್ರಶ್ನೆ. ನಾವು ಮನೆಗೆ ಗಾಣದ ಕುಸುಬಿ ಎಣ್ಣೆಯನ್ನೇ ತರುತ್ತೇವೆ. ಮಗಳಿಗೆ ಅದರಲ್ಲೇ ಪೂರಿ ಮಾಡಿಕೊಟ್ಟೆ. ಮೊದಲನೇ ಸಲವೇ, ಪೂರಿ ಬಿಡುವ ಮುಂಚೆಯೇ ಹೊಗೆ ಬಂತು. ಕಾಕಾ ಹೇಳಿದ ಹಾಗಾದರೆ ಹೊಸ ಎಣ್ಣೆಯೇ ಕೆಟ್ಟಿತ್ತಾ? ಗಾಣದವರು ನಂಬಿಕೆಯ ಜನ, ಮೋಸ ಮಾಡುವವರಲ್ಲ.

ಮಿಲ್ ಲ್ಯಾಬ್ ಕಾಕಾ

ಇಲ್ಲಮ್ಮ, ಗಾಣದವರದು ಏನೂ ತಪ್ಪಿಲ್ಲ. ಶುದ್ಧ ಮಾಡದ ಗಾಣದ ಎಣ್ಣೆಯಲ್ಲಿ ಬೀಜದ ಅಂಶ ಇನ್ನೂ ಇರುತ್ತದೆ. ಅದು ಬೇಗ ಹೊಗೆ ಬಿಡುವುದು ಸಹಜ. ಅದರಲ್ಲೂ ಕುಸುಬಿ ಎಣ್ಣೆಯ ಸುಮಾರು ಮುಕ್ಕಾಲು ಭಾಗ ಗಾಳಿ ತಾಗಿದರೆ ಬೇಗ ಕೆಡುವ ಜಾತಿಯ ಕೊಬ್ಬು. ನಮ್ಮ ಭಾಗದ ಒಳ್ಳೆಯ ಎಣ್ಣೆ ಅದು. ಪಲ್ಯಕ್ಕೆ, ಒಗ್ಗರಣೆಗೆ, ಚಟ್ನಿಪುಡಿ ಮೇಲೆ ಹಾಕಿಕೊಳ್ಳಲು ಅದಕ್ಕೆ ಸಮ ಇಲ್ಲ. ಮತ್ತೆ ಮತ್ತೆ ಕಾಯಿಸಿ ಕರಿಯಲು ಮಾತ್ರ ಬೇಡ. ಅದರಲ್ಲಿ ಕರಿದಿದ್ದರೆ ಆ ಎಣ್ಣೆಯನ್ನು ಇನ್ನೊಂದು ಸಲ ಕರಿಯಲು ಇಡಬೇಡಿ. ಶೇಂಗಾ ಎಣ್ಣೆ ಕಾಯಿಸಿದರೆ ಇದಕ್ಕಿಂತ ಹೆಚ್ಚು ತಡೆಯುತ್ತದೆ. ಕರಿಯುವ ಬಿಸಿಗೆ ಪಾಮೋಲಿನ್ ಇನ್ನೂ ಹೆಚ್ಚು ಹೊತ್ತು ತಡೆಯುತ್ತದೆ. ಆರೋಗ್ಯಕ್ಕೆ ಯಾವುದು ಒಳ್ಳೆಯದು ಎಂಬುದು ಬೇರೆ ವಿಷಯ.

ಒಂದೊಂದು ಎಣ್ಣೆಯ ಗುಣ ಒಂದೊಂದು ಥರ, ತಂಗಿ ಕೇಳಿದ ಗುರುತಿಗೂ ಇದೇ ಮಾತು. ಯಾವ ಗುರುತನ್ನಾದರೂ ಅದೇ ಎಣ್ಣೆಯ ಮೊದಲ ದಿನದ ಜೊತೆ ಹೋಲಿಸಿ ನೋಡಬೇಕು. ಹಾಗಾಗಿ ಹೊಸ ಎಣ್ಣೆ ಹಾಕಿದ ದಿನ ಮೊದಲ ಹತ್ತು ನಿಮಿಷ ಕಡಾಯಿ ಮುಂದೆ ನಿಂತು ನೋಡಿ ಇಟ್ಟುಕೊಳ್ಳಿ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಗುಳ್ಳೆಯನ್ನು. ಹೊಸ ಎಣ್ಣೆಯಲ್ಲಿ ಭಜಿ ಸುತ್ತ ದೊಡ್ಡ ಗುಳ್ಳೆ ಬರುತ್ತವೆ, ಬಂದಷ್ಟೇ ಬೇಗ ಒಡೆಯುತ್ತವೆ. ಭಜಿ ಬೆಂದ ಹಾಗೆ ಕಡಿಮೆಯಾಗುತ್ತವೆ. ಎತ್ತಿದ ಮೇಲೆ ಎಣ್ಣೆ ಸಮ ಆಗುತ್ತದೆ. ಎಣ್ಣೆ ಹಾದಿ ತಪ್ಪುವಾಗ ಗುಳ್ಳೆ ಸಾಸಿವೆಯಷ್ಟು ಸಣ್ಣವಾಗುತ್ತವೆ, ಒತ್ತೊತ್ತಾಗಿ ಕೂರುತ್ತವೆ. ಭಜಿ ಎತ್ತಿದ ಮೇಲೂ ಅಂಚಿನಲ್ಲಿ ಹಳದಿ ನೊರೆಯ ಬಳೆ ಉಳಿಯುತ್ತದೆ. ಆ ಬಳೆ ಕಂಡ ದಿನವೇ ಚೆಲ್ಲಬೇಕು. ನಿಮ್ಮ ಕಡಾಯಿಯಲ್ಲಿ ಅದು ಬುಧವಾರ ಅಥವಾ ಗುರುವಾರವೇ ಬಂದಿರುತ್ತದೆ, ಗಮನಿಸಿರಲಿಕ್ಕಿಲ್ಲ.

ಎರಡನೆಯದು ಹೊಗೆ. ಭಜಿ ಬಿಡುವ ಹದದ ಬಿಸಿಗೇ, ಅಂದರೆ 175, 180 ಡಿಗ್ರಿ ಹತ್ತಿರವೇ, ನೀಲಿ ಹೊಗೆ ಎಳೆ ಎಳೆಯಾಗಿ ಎದ್ದು ಕಣ್ಣು ಉರಿಸಿದರೆ ಆ ಎಣ್ಣೆ ಮುಗಿಯಿತು. ಹೊಸ ಪಾಮೋಲಿನ್ ಆ ಬಿಸಿಗೆ ಹೊಗೆ ಬಿಡುವುದಿಲ್ಲ.

ಆಮೇಲೆ ಸೌಟು. ಎಣ್ಣೆಯಲ್ಲಿ ಅದ್ದಿ ಎತ್ತಿ. ಹೊಸದು ಹನಿ ಹನಿಯಾಗಿ ಬೀಳುತ್ತದೆ. ಕೆಟ್ಟದ್ದು ಎಳೆಯಾಗಿ ಇಳಿಯುತ್ತದೆ, ತಣ್ಣಗಾದರೆ ಬೆರಳಿಗೆ ಅಂಟುತ್ತದೆ. ಭಜಿಯೂ ಹೇಳುತ್ತದೆ. ಹೊರಗೆ ಬೇಗ ಕೆಂಪಾಗಿ ಒಳಗೆ ಹಿಟ್ಟು ಹಸಿ ಉಳಿದು, ಕಟ್ಟಿಕೊಟ್ಟ ಪೇಪರ್ ಪೂರ್ತಿ ನೆನೆದರೆ ಎಣ್ಣೆ ಸರಿಯಿಲ್ಲ.

ಬಣ್ಣವನ್ನು ನಾನು ಕೊನೆಗೆ ನೋಡುತ್ತೇನೆ. ಮಿರ್ಚಿ, ಕಡ್ಲಿ ಹಿಟ್ಟು, ಅರಿಶಿನ ಬಿದ್ದರೆ ಒಂದೇ ಸಂಜೆಗೆ ಎಣ್ಣೆ ಕಂದಾಗುತ್ತದೆ, ಆದರೆ ಎಣ್ಣೆ ಇನ್ನೂ ಕೆಟ್ಟಿರುವುದಿಲ್ಲ. ಬರೀ ಹಪ್ಪಳ ಕರಿದ ಎಣ್ಣೆ ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಅಂಥ ಎಣ್ಣೆ, ಎಷ್ಟು ಕೆಟ್ಟಿದೆ ಅಂತ ಅಳೆಯುವ ಮೀಟರ್‌ನಲ್ಲಿ ಮಿತಿ ದಾಟಿದ್ದನ್ನು ನಾನೇ ನೋಡಿದ್ದೇನೆ.

ಶಹಾಪುರ ವಿಜ್ಞಾನ ಟೀಚರ್

ಕಾಕಾ ಅವರೇ, ಆ ಮೀಟರ್ ಟಿಪಿಸಿ ಅಳೆಯುವುದು ಅಲ್ವಾ? 2018ರ ಜುಲೈ 1ರಿಂದ ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದರೆ ಎಣ್ಣೆ ಕಾದು ಒಡೆದಾಗ ಹುಟ್ಟುವ ಕೆಟ್ಟ ಅಂಶ, 25 ಶೇಕಡಾ ದಾಟಬಾರದು ಅಂತ ನಿಯಮ ಬಂದಿದೆ. ನಾನು ಮೀಟರ್ ಕೊಳ್ಳಲಿಲ್ಲ, ಬೆಲೆ ಜಾಸ್ತಿ. ಎಣ್ಣೆಯಲ್ಲಿ ಅದ್ದುವ ಕಾಗದದ ಪಟ್ಟಿ ತರಿಸಿ ಮನೆಯಲ್ಲಿ ಮಾಡಿ ನೋಡಿದೆ. ಶಂಕರಪಾಳಿ ಕರಿದ ಎಣ್ಣೆಯಲ್ಲಿ ಸ್ಪಷ್ಟವಾಗಿ ಬಣ್ಣ ಬದಲಾಯಿತು. ಮಿರ್ಚಿ ಕರಿದ ಎಣ್ಣೆಯಲ್ಲಿ ಪಟ್ಟಿಯೇ ಕಂದಾಗಿಬಿಟ್ಟಿತು, ಏನು ಓದಬೇಕೋ ತಿಳಿಯಲಿಲ್ಲ. ಬಂಡಿಯವರಿಗೆ ಈ ಪಟ್ಟಿ ಉಪಯೋಗ ಆಗುತ್ತದೆ ಅಂತೀರಾ?

ಮಿಲ್ ಲ್ಯಾಬ್ ಕಾಕಾ

ಟೀಚರ್, ನಿಯಮ ನೀವು ಹೇಳಿದ್ದು ಸರಿ. ಆದರೆ ಸಾಮಾನ್ಯವಾಗಿ ಸಿಗುವ ಪಟ್ಟಿ ಅಳೆಯುವುದು ಬಿಡುಗಡೆಯಾದ ಆಮ್ಲವನ್ನು, ಟಿಪಿಸಿಯನ್ನಲ್ಲ. ಎರಡೂ ಒಟ್ಟಿಗೇ ಏರುತ್ತವೆ, ಆದರೆ ಒಂದೇ ಅಲ್ಲ. ಹಸಿ ಹಿಟ್ಟು ಕರಿದರೆ ನೀರಿನಿಂದ ಆಮ್ಲ ಬೇಗ ಏರುತ್ತದೆ. ಒಣ ಹಪ್ಪಳ ಕರಿದು ಖಾಲಿ ಕಾಯಿಸುತ್ತಿದ್ದರೆ ಅಂಟು ಬೇಗ ಬರುತ್ತದೆ, ಆಮ್ಲ ಅಷ್ಟು ಕಾಣುವುದಿಲ್ಲ. ಪಟ್ಟಿ ಚೆನ್ನಾಗಿದೆ ಅಂದರೂ ನೊರೆ ಬಂದರೆ ನಾನು ನೊರೆಯನ್ನೇ ನಂಬುತ್ತೇನೆ. ಮೀಟರ್‌ಗೂ ಸೂಕ್ಷ್ಮ ಇದೆ. ಪಾಮೋಲಿನ್ ಹೊಸದರಲ್ಲೇ ಬೇರೆ ಎಣ್ಣೆಗಿಂತ ಜಾಸ್ತಿ ತೋರಿಸುತ್ತದೆ. ಮೊದಲ ದಿನದ ಅಂಕಿ ಬರೆದಿಟ್ಟುಕೊಳ್ಳದೆ ಬರೀ ಮೂರನೇ ದಿನದ್ದು ನೋಡಿದರೆ ಗಾಬರಿ ಆಗುತ್ತದೆ.

ಮಿರ್ಚಿ ಎಣ್ಣೆಯಲ್ಲಿ ಪಟ್ಟಿ ಕಂದಾಗುವುದು ನನಗೂ ಆಗಿದೆ. ಸಣ್ಣ ಬಟ್ಟೆಯಲ್ಲಿ ಎರಡು ಸಲ ಸೋಸಿ ಅದ್ದಿ ನೋಡಿ. ಸುಧಾರಿಸಿದರೆ ಇಲ್ಲಿ ತಿಳಿಸಿ.

ಹುಮನಾಬಾದ್ ಕ್ಯಾಟರಿಂಗ್

ಕಾಕಾ, ಆಲೂಗಡ್ಡೆ ವಿಷಯ ಒಪ್ಪಿಕೊಂಡೆ. ಆದರೆ ಕಡಾಯಿ ವಿಷಯ ಕೇಳಬೇಕು. ಕಬ್ಬಿಣ ಎಣ್ಣೆಯನ್ನು ಬೇಗ ಕೆಡಿಸುತ್ತದೆ ಅಂತ ಒಬ್ಬರು ಹೇಳಿ ನನಗೆ ಸ್ಟೀಲ್ ಕಡಾಯಿ ಮಾರಿದರು. ಅದರಲ್ಲಿ ತಳ ಹತ್ತುತ್ತದೆ. ಕಬ್ಬಿಣದ್ದರಲ್ಲಿ ಭಜಿ ಚೆನ್ನಾಗಿ ಬರುತ್ತವೆ. ಹಿತ್ತಾಳೆಯದ್ದೂ ಒಂದಿದೆ, ಅಜ್ಜನ ಕಾಲದ್ದು.

ಮಿಲ್ ಲ್ಯಾಬ್ ಕಾಕಾ

ಹಿತ್ತಾಳೆ ಬೇಡ. ತಾಮ್ರ ಸೇರಿದ ಪಾತ್ರೆ ಎಣ್ಣೆಯನ್ನು ಬಹಳ ಬೇಗ ಕೆಡಿಸುತ್ತದೆ. ಕಬ್ಬಿಣದ್ದೂ ಕೆಡಿಸುತ್ತದೆ, ಅದಕ್ಕಿಂತ ಕಡಿಮೆ. ಪಳಗಿದ ಕಪ್ಪು ಕಡಾಯಿಯಲ್ಲಿ ಎಣ್ಣೆಗೂ ಕಬ್ಬಿಣಕ್ಕೂ ನಡುವೆ ಪದರ ಇರುತ್ತದೆ. ಅದರಿಂದ ತೊಂದರೆ ಕಡಿಮೆ ಎಂಬುದು ನನ್ನ ಅನುಭವ, ಅಳೆದು ನೋಡಿಲ್ಲ. ನಾನಾದರೆ ಕಬ್ಬಿಣದಲ್ಲಿ ಕರಿಯುತ್ತೇನೆ, ಆದರೆ ರಾತ್ರಿ ಎಣ್ಣೆಯನ್ನು ಅದರಲ್ಲೇ ಬಿಡುವುದಿಲ್ಲ. ಕೈ ತಾಳುವಷ್ಟು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಣಗಿದ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡಬೇಕು. ಡಬ್ಬಿ ಚಿಕ್ಕದಿರಲಿ, ಮೇಲೆ ಗಾಳಿಗೆ ಜಾಗ ಕಡಿಮೆ ಇರುತ್ತದೆ.

ತಂಗಿ, ಗಿರಾಕಿ ಇಲ್ಲದ ಹೊತ್ತು ಒಲೆ ಸಣ್ಣ ಮಾಡುತ್ತೀರಾ? ಖಾಲಿ ಎಣ್ಣೆ ಜೋರು ಉರಿಯಲ್ಲಿ ನಿಂತರೆ 200 ಡಿಗ್ರಿ ದಾಟುತ್ತದೆ. ಭಜಿ ಬಿಟ್ಟಾಗ ಹಬೆಯಾದರೂ ಬಿಸಿಯನ್ನು ಎಳೆದುಕೊಳ್ಳುತ್ತದೆ. ಖಾಲಿ ಕಾಯುವಾಗ ಅದೂ ಇರುವುದಿಲ್ಲ.

ಆಳಂದ ರಸ್ತೆ

ಈಗ ತಿಳಿಯಿತು, ನಾನು ಪ್ರಶ್ನೆಯನ್ನೇ ತಪ್ಪು ಓದಿದ್ದೆ. ಆದರೆ ನನ್ನದೊಂದು ಅನುಭವ ಹೇಳುತ್ತೇನೆ. ಹೋದ ವರ್ಷ ಅಗ್ಗಕ್ಕೆ ಸಿಕ್ಕಿತು ಅಂತ ಬಿಡಿ ಎಣ್ಣೆ ತಂದು ದೀಪಾವಳಿಗೆ ಚಕ್ಕುಲಿ ಮಾಡಿದೆವು. ಮೊದಲ ಘಾಣಕ್ಕೇ ಸಣ್ಣ ನೊರೆ ಬಂತು, ಅಂಚಿನಲ್ಲಿ ನಿಂತಿತು. ಚಕ್ಕುಲಿಯೂ ಮುಗ್ಗಲು. ಕಾಕಾ ಹೇಳಿದ್ದನ್ನು ಓದಿದ ಮೇಲೆ, ಅದು ಎಲ್ಲೋ ಕರಿದು ಸೋಸಿ ಬೆರೆಸಿದ ಎಣ್ಣೆ ಇರಬೇಕು ಅನ್ನಿಸುತ್ತಿದೆ.

ಮಿಲ್ ಲ್ಯಾಬ್ ಕಾಕಾ

ಇರಬಹುದು. ಸೀಲ್ ಇಲ್ಲದ ಎಣ್ಣೆ ಮೊದಲ ಘಾಣಕ್ಕೇ ಹಾಗೆ ಮಾಡಿದರೆ ನಂಬಬಾರದು.

ಸಂಜೆ ಬಂಡಿ, ಕಲಬುರಗಿ

ಹನ್ನೆರಡು ದಿನ ಆಯಿತು, ಬರೆಯುತ್ತೇನೆ ಅಂದಿದ್ದೆ.

2 ಲೀಟರ್ ಕಡಾಯಿ ತಂದೆವು. ಬಾಯಿ ಸಣ್ಣ, ಆಳ ಜಾಸ್ತಿ ಇರುವುದನ್ನು ನೋಡಿ ಆರಿಸಿದೆ. ಗಾಳಿ ತಾಗುವ ಜಾಗ ಕಡಿಮೆ ಇರಲಿ ಅಂತ. ಸೋಡಾ ಎರಡು ಚಮಚಕ್ಕೆ ಇಳಿಸಿದೆ. ಮೊದಲ ದಿನ ಭಜಿ ಚಿಕ್ಕವು ಕಂಡವು, ಇಬ್ಬರು ಗಿರಾಕಿ ಕೇಳಿಯೂ ಬಿಟ್ಟರು. ಈಗ ಹಿಟ್ಟು ಚೆನ್ನಾಗಿ ಬಡಿದ ಮೇಲೆ ಸರಿಹೋಗಿದೆ. ಮೆಣಸಿನಕಾಯಿ ಒರೆಸುವ ಕೆಲಸ ಮಗ ಮಾಡುತ್ತಾನೆ.

ಹೊಸ ಎಣ್ಣೆ ಹಾಕಿದ ದಿನ ನಿಂತು ಗುಳ್ಳೆ ನೋಡಿದೆ. ಮೂರನೇ ದಿನ ಮತ್ತೆ ನೋಡಿದೆ. ಸ್ವಲ್ಪ ಸಣ್ಣ ಆಗಿದ್ದವು, ಆದರೆ ಭಜಿ ಎತ್ತಿದ ಕೂಡಲೇ ಎಣ್ಣೆ ಸಮ ಆಯಿತು, ಅಂಚಿನಲ್ಲಿ ಬಳೆ ಇಲ್ಲ. ಬಣ್ಣ ಮಾತ್ರ ಚಹಾದ ಹಾಗೆ. ಮೊದಲಾಗಿದ್ದರೆ ಅದನ್ನು ನೋಡಿಯೇ ಹೆದರುತ್ತಿದ್ದೆ.

ಈ ಸಲ ಭಾನುವಾರವೂ ಬಂಡಿ ಹಾಕಿದೆವು, ಅವತ್ತು ಮಾತ್ರ ಆಗಲಿಲ್ಲ. ಜನ ಜಾಸ್ತಿ, ಐದೈದರಲ್ಲಿ ಪೂರೈಸಲಿಲ್ಲ. ಅವಸರಕ್ಕೆ ಎಂಟು ಬಿಟ್ಟರು, ಭಜಿ ಎಣ್ಣೆ ಕುಡಿದವು. ಮುಂದಿನ ಭಾನುವಾರ ಹಳೆ ದೊಡ್ಡ ಕಡಾಯಿ ಇಟ್ಟು, ಆ ಎಣ್ಣೆಯನ್ನು ವಾರದಲ್ಲಿ ಸಣ್ಣದಕ್ಕೆ ಬಳಸೋಣ ಅಂತಾರೆ. ಅದು ಸರಿಯಾ ಕಾಕಾ?

ಇನ್ನೊಂದು ಮಾತು. ಮೂರನೇ ರಾತ್ರಿಯ ಒಂದು ಲೀಟರ್ ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ. ಗಟಾರಕ್ಕೆ ಸುರಿಯಲು ಮನಸ್ಸಿಲ್ಲ. ಒಬ್ಬ ಬಂದು ಲೀಟರಿಗೆ ಇಷ್ಟು ಅಂತ ರೊಕ್ಕ ಕೊಡುತ್ತೇನೆ ಅಂದ.

ಮಿಲ್ ಲ್ಯಾಬ್ ಕಾಕಾ

ಭಾನುವಾರ ದೊಡ್ಡ ಕಡಾಯಿ ಇಡಬಹುದು, ಅವತ್ತು 4 ಲೀಟರಿನಲ್ಲಿ 2 ಲೀಟರ್ ಭಜಿಗೇ ಹೋಗುವಷ್ಟು ಜನ ಬಂದರೆ. ಉಳಿದ 2 ಲೀಟರ್ ಸೋಸಿ ಸೋಮವಾರ ಸಣ್ಣದಕ್ಕೆ ಹಾಕಿ. ಅದನ್ನು ಎರಡನೇ ದಿನದ ಎಣ್ಣೆ ಅಂತ ಲೆಕ್ಕ ಹಿಡಿಯಿರಿ, ಹೊಸದು ಅಂತ ಅಲ್ಲ. ಮಂಗಳವಾರ ರಾತ್ರಿ ಅದರ ಸರದಿ ಮುಗಿಯಬೇಕು.

ರೊಕ್ಕ ಕೊಡುತ್ತೇನೆ ಅಂದವನನ್ನು ಎಲ್ಲಿಗೆ ಒಯ್ಯುತ್ತೀಯ ಅಂತ ಕೇಳಿ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸಲು ಎಫ್‌ಎಸ್‌ಎಸ್‌ಎಐ 2018ರಲ್ಲಿ ರುಕೋ ಅಂತ ಒಂದು ಯೋಜನೆ ತಂದಿದೆ. ಅದರಲ್ಲಿ ಹೆಸರು ಇರುವ ಸಂಗ್ರಹಗಾರ ಆದರೆ ಕಾಗದ ತೋರಿಸುತ್ತಾನೆ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಕರಿಯುವ ದೊಡ್ಡ ಹೋಟೆಲಿನವರು ಲೆಕ್ಕ ಇಟ್ಟು ಅಂಥವರಿಗೇ ಕೊಡಬೇಕು. ನಿಮ್ಮ ಹತ್ತಿರ ಅಂಥ ಹೋಟೆಲ್ ಇದ್ದರೆ ಅವರ ಡ್ರಮ್ಮಿಗೇ ನಿಮ್ಮದನ್ನೂ ಸೇರಿಸಿಕೊಳ್ಳುತ್ತಾರಾ ಕೇಳಿ. ಕಾಗದ ಇಲ್ಲದವನಿಗೆ ಕೊಡಬೇಡಿ. ಆಳಂದ ರಸ್ತೆಯವರ ಚಕ್ಕುಲಿಗೆ ಬಂದದ್ದು ಅಂಥ ಎಣ್ಣೆಯೇ ಇರಬಹುದು.

ಸಂಜೆ ಬಂಡಿ, ಕಲಬುರಗಿ

ಕಾಗದ ಕೇಳಿದೆ ಕಾಕಾ. ನಾಳೆ ತರುತ್ತೇನೆ ಅಂದವನು ನಾಲ್ಕು ದಿನ ಆಯಿತು, ಬಂದಿಲ್ಲ. ಡಬ್ಬಿ ಮೇಲೆ "ಕರಿಯಲು ಅಲ್ಲ" ಅಂತ ಬರೆದು ಇಟ್ಟಿದ್ದೇನೆ. ನಾಳೆ ಹೋಟೆಲಿನವರನ್ನು ಕೇಳುತ್ತೇನೆ.

ಶಹಾಪುರ ವಿಜ್ಞಾನ ಟೀಚರ್

ಕಾಕಾ, ಎರಡು ಸಲ ಸೋಸಿ ಪಟ್ಟಿ ಅದ್ದಿದೆ. ಒಂದು ಪಟ್ಟಿ ಓದಲು ಬಂತು, ಇನ್ನೊಂದು ಮತ್ತೆ ಕಂದು. ಅಕ್ಕೋರೆ, ಶನಿವಾರ ಕಲಬುರಗಿಗೆ ಬರುತ್ತಿದ್ದೇನೆ. ನಿಮ್ಮ ಮೊದಲ ದಿನದ ಎಣ್ಣೆ, ಮೂರನೇ ದಿನದ ಎಣ್ಣೆ ಒಂದೊಂದು ಬಟ್ಟಲು ತೆಗೆದಿಡುತ್ತೀರಾ?